ರಿಜಿಸ್ಟರ್ಡ್ ಪೋಸ್ಟ್ ನೋಟಿಸ್ ‘ಬಾಗಿಲು ಹಾಕಿದೆ’ ಎಂದು ವಾಪಸ್ ಹೋಗಿದೆ. ಜಾರಿಯಾದಂತೆಯೇ?

ಬೆಣ್ಣೆನಗರಿ · 28 ಜೂನ್ 2025

ಚೆಕ್ ಬೌನ್ಸ್ ಕೇಸು, ನನ್ನ ಭಾವನವರದ್ದು. ಚೆಕ್ 3,40,000 ರೂಪಾಯಿಯದು. 12 ಫೆಬ್ರವರಿ 2025ರಂದು ಹಣ ಸಾಲದೆ ಬ್ಯಾಂಕಿನಿಂದ ವಾಪಸಾಗಿದೆ. ಸಾಲ ಕೊಟ್ಟವರ ವಕೀಲರು ಮಾರ್ಚ್ 5ರಂದು ಚಿತ್ರದುರ್ಗದಿಂದ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿದ್ದಾರೆ, ಆದರೆ ದಾವಣಗೆರೆಯ ಹಳೇ ಬಾಡಿಗೆ ಮನೆಯ ವಿಳಾಸಕ್ಕೆ. ಭಾವ ಆ ಮನೆಯನ್ನು 2024ರ ನವೆಂಬರ್‌ನಲ್ಲೇ ಖಾಲಿ ಮಾಡಿ ಹುಬ್ಬಳ್ಳಿಗೆ ಹೋಗಿದ್ದರು.

ಲಕೋಟೆಯ ಮೇಲೆ ಮಾರ್ಚ್ 7, 8, 9 ‘ಬಾಗಿಲು ಹಾಕಿದೆ’, 10ಕ್ಕೆ ‘ಸೂಚನೆ ನೀಡಲಾಗಿದೆ’ ಎಂಬ ಷರಾ ಇದೆ. 13ನೇ ತಾರೀಖು ಅದು ವಕೀಲರ ಕೈಗೆ ವಾಪಸ್ ಬಂದಿದೆ. ದೂರು ದಾಖಲಾಗಿದ್ದು ಏಪ್ರಿಲ್ 16ಕ್ಕೆ. ಸಮನ್ಸ್, ದೂರಿನ ನಕಲು ಸಮೇತ, ಜೂನ್ 20ರಂದು ಹುಬ್ಬಳ್ಳಿ ಮನೆಗೆ ಬಂದಾಗಲೇ ನಮಗೆ ವಿಷಯ ಗೊತ್ತಾಗಿದ್ದು. ನೋಟಿಸ್ ಸಿಕ್ಕಿಲ್ಲ ಎಂದು ಕೋರ್ಟಿನಲ್ಲಿ ಹೇಳಿದರೆ ಸಾಕೇ? ಏನೇನು ತೋರಿಸಬೇಕು?

ಗುಂಡುಸೂಜಿ

ತಲೆ ಕೆಡಿಸಿಕೊಳ್ಳಬೇಡಿ. ‘ನಿರಾಕರಿಸಿದರು’ ಎಂಬ ಷರಾ ಇದ್ದರೆ ಮಾತ್ರ ಜಾರಿಯಾದಂತೆ. ಬಾಗಿಲು ಹಾಕಿದ್ದರೆ ಜಾರಿ ಅಲ್ಲ. ಅದೂ ಅಲ್ಲದೆ ಪೋಸ್ಟ್‌ಮ್ಯಾನ್‌ನನ್ನು ಕರೆಸಿ ಸಾಕ್ಷಿ ಹೇಳಿಸುವ ಹೊಣೆ ದೂರುದಾರರದ್ದು. ಕರೆಸದಿದ್ದರೆ ಕೇಸು ಅಲ್ಲಿಗೇ ಬಿತ್ತು. ಸ್ವೀಕೃತಿ ಕಾರ್ಡ್ ಬಾರದಿದ್ದರೆ 30 ದಿನ ಕಾಯಬೇಕು ಎಂಬ ನಿಯಮವೂ ಇದೆ.

ಹೊಳೆಬದಿ ವಕೀಲೆ

ಗುಂಡುಸೂಜಿಯವರೇ, ಇದನ್ನು ನಂಬಿ ಕೂತರೆ ಅವರ ಭಾವನವರಿಗೆ ಕಷ್ಟವಾಗುತ್ತದೆ. 30 ದಿನದ ಮಾತು ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ್ದು. ಅದು ಕೋರ್ಟೇ ಕಳಿಸುವ ಸಮನ್ಸ್‌ಗೆ ಸಂಬಂಧಿಸಿದ್ದು, ವಕೀಲರು ಕಳಿಸುವ ನೋಟಿಸ್‌ಗಲ್ಲ. ಪೋಸ್ಟ್‌ಮ್ಯಾನ್‌ನನ್ನು ಕರೆಸುವ ಭಾರವೂ ಕಳಿಸಿದವರ ಮೇಲಿಲ್ಲ. ಷರಾ ಸುಳ್ಳು ಎನ್ನುವವರು ಆತನನ್ನು ಕರೆಸಬೇಕು.

ಇಲ್ಲಿ ಕೆಲಸ ಮಾಡುವುದು 1897ರ ಸಾಮಾನ್ಯ ಖಂಡಗಳ ಅಧಿನಿಯಮದ 27ನೇ ಕಲಂ. ಕಳಿಸಿದವರು ಮೂರು ಸಂಗತಿ ತೋರಿಸಬೇಕು: ವಿಳಾಸ ಸರಿಯಾಗಿತ್ತು, ಅಂಚೆ ವೆಚ್ಚ ಮೊದಲೇ ಕಟ್ಟಿತ್ತು, ರಿಜಿಸ್ಟರ್ಡ್ ಪೋಸ್ಟ್‌ಗೆ ಹಾಕಿತ್ತು. ಅಷ್ಟು ತೋರಿಸಿದರೆ, ಬೇರೆಯದು ರುಜುವಾತಾಗುವ ತನಕ, ಅಂಚೆ ಸಾಮಾನ್ಯವಾಗಿ ತಲುಪುವ ಹೊತ್ತಿಗೆ ನೋಟಿಸ್ ತಲುಪಿತು ಎಂದೇ ಕೋರ್ಟು ಭಾವಿಸುತ್ತದೆ. ಈ ಪೂರ್ವಾನುಮಾನ ನಿಂತಿರುವುದು ಷರಾದ ಮೇಲಲ್ಲ, ಅಂಚೆಗೆ ಹಾಕಿದ್ದರ ಮೇಲೆ. ಹಾಗಾಗಿ ಬಾಗಿಲು ಹಾಕಿತ್ತು, ಮನೆಯಲ್ಲಿ ಇರಲಿಲ್ಲ, ಬಂದು ಪಡೆಯಲಿಲ್ಲ ಎಂಬ ಷರಾಗಳಿದ್ದರೂ ಪೂರ್ವಾನುಮಾನ ಹುಟ್ಟುತ್ತದೆ. ಚೆಕ್ ಕೇಸಿನ ನೋಟಿಸ್‌ಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟು 1999ರ ಕೆ. ಭಾಸ್ಕರನ್ ಪ್ರಕರಣದಲ್ಲಿ ಹೇಳಿದೆ, 2007ರ ಸಿ.ಸಿ. ಅಲವಿ ಹಾಜಿ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಗಟ್ಟಿ ಮಾಡಿದೆ.

ಬೆಣ್ಣೆನಗರಿಯವರೇ, ಬೇರೆಲ್ಲಕ್ಕಿಂತ ಮುಂಚೆ ಒಂದು ತಾರೀಖು ಬರೆದಿಟ್ಟುಕೊಳ್ಳಿ: ಜುಲೈ 5. ನೋಟಿಸ್ ತಲುಪಲಿಲ್ಲ ಎನ್ನುವವರು ಸಮನ್ಸ್ ಸಿಕ್ಕ 15 ದಿನದೊಳಗೆ ಚೆಕ್ಕಿನ ಹಣ ಕೊಟ್ಟು, ದೂರನ್ನು ತಳ್ಳಿಹಾಕಿ ಎಂದು ಕೋರ್ಟನ್ನು ಕೇಳಬಹುದು ಎಂದು ಅದೇ ಅಲವಿ ಹಾಜಿ ತೀರ್ಪು ಹೇಳುತ್ತದೆ. ಹಾಗೆ ಕೊಡದವರು ಆಮೇಲೆ ಪೂರ್ವಾನುಮಾನವನ್ನು ಕಡೆಗಣಿಸಿ ನೋಟಿಸ್ ಜಾರಿಯಾಗಿಲ್ಲ ಎನ್ನುವಂತಿಲ್ಲ ಎಂದೂ ಹೇಳುತ್ತದೆ. ಜೂನ್ 20 ಬಿಟ್ಟು ಎಣಿಸಿದರೆ ಜುಲೈ 5 ಕೊನೆಯ ದಿನ. ನಿಮಗೆ ಇನ್ನೊಂದೇ ವಾರ ಉಳಿದಿದೆ.

ಬೆಣ್ಣೆನಗರಿ

ಮೇಡಂ, ಸಾಲ ನಿಜ. ಆದರೆ 40,000 ಮೊದಲೇ ನಗದಾಗಿ ಕೊಟ್ಟಿದ್ದೇನೆ ಎನ್ನುತ್ತಾರೆ ಭಾವ. 3 ಲಕ್ಷ ಕಟ್ಟಿದರೆ ಆಗುತ್ತದೆಯೇ?

ಹೊಳೆಬದಿ ವಕೀಲೆ

ಆ 15 ದಿನದ ಅನುಕೂಲ ಬೇಕೆಂದರೆ ಚೆಕ್ಕಿನಲ್ಲಿ ಬರೆದಷ್ಟೂ ಕಟ್ಟಬೇಕು. 3 ಲಕ್ಷ ಕಟ್ಟಿದರೆ ಭಾಗಶಃ ಪಾವತಿ ಎಂದಾಗುತ್ತದೆ, ಕೇಸು ನಿಲ್ಲುವುದಿಲ್ಲ. ನಗದು ಕೊಟ್ಟಿದ್ದಕ್ಕೆ ರಶೀದಿಯೋ ಮೆಸೇಜೋ ಇದೆಯೇ ನೋಡಿ. ಇದ್ದರೆ ಹಕ್ಕು ಕಾಯ್ದಿರಿಸಿ ಪೂರ್ತಿ ಕಟ್ಟಿ, 40,000ವನ್ನು ಬೇರೆಯಾಗಿ ಕೇಳಬಹುದು. ಸಾಲವೇ ಇಲ್ಲ ಎನ್ನುವವರಿಗೆ ಈ ದಾರಿ ಹೊಂದುವುದಿಲ್ಲ, ಅವರು ವಿಚಾರಣೆ ಎದುರಿಸಬೇಕು. ನಿಮ್ಮದು ಹಾಗಲ್ಲ.

ಇನ್ನು ವಿಳಾಸ. ಎರಡು ಬೇರೆ ಬೇರೆ ವಾದಗಳನ್ನು ಜನ ಒಂದೇ ಮಾಡಿಬಿಡುತ್ತಾರೆ. ‘ಸರಿಯಾದ ವಿಳಾಸಕ್ಕೆ ಕಳಿಸಿದ್ದರು, ಆದರೂ ನನಗೆ ತಲುಪಲಿಲ್ಲ’ ಎನ್ನುವುದು ಒಂದು. ಇಲ್ಲಿ ಪೂರ್ವಾನುಮಾನ ಹುಟ್ಟಿಯಾಗಿದೆ, ಅದನ್ನು ಒಡೆಯುವ ಭಾರ ನಿಮ್ಮದು. ‘ಕಳಿಸಿದ ವಿಳಾಸವೇ ನನ್ನದಲ್ಲ, ಅದು ಅವರಿಗೆ ಗೊತ್ತಿತ್ತು’ ಎನ್ನುವುದು ಇನ್ನೊಂದು. ಇದು ನಿಂತರೆ ಪೂರ್ವಾನುಮಾನ ಹುಟ್ಟುವುದೇ ಇಲ್ಲ. ನಿಮ್ಮ ಬಲ ಇರುವುದು ಎರಡನೆಯದರಲ್ಲಿ. ಆದರೆ ಅದರಲ್ಲೊಂದು ತೊಡಕಿದೆ. ಸಾಲಪತ್ರದಲ್ಲಿ ದಾವಣಗೆರೆ ವಿಳಾಸ ಬರೆದುಕೊಟ್ಟು, ಮನೆ ಬದಲಾಯಿಸಿದ್ದನ್ನು ಸಾಲ ಕೊಟ್ಟವರಿಗೆ ತಿಳಿಸದೇ ಇದ್ದರೆ, ಅವರ ಪಾಲಿಗೆ ಅದೇ ಸರಿಯಾದ ವಿಳಾಸ. ಮನೆ ಬಿಟ್ಟಿದ್ದೆ ಎಂದು ತೋರಿಸಿದರೆ ಅರ್ಧ ದಾರಿ ಅಷ್ಟೆ. ಬಿಟ್ಟಿದ್ದು ಅವರಿಗೆ ಮಾರ್ಚ್ 5ಕ್ಕೆ ಮೊದಲೇ ಗೊತ್ತಿತ್ತು ಎಂದು ತೋರಿಸಿದರೆ ಮಾತ್ರ ಪೂರ್ತಿ.

ಹಳೇ ತಪಾಲು

ವಕೀಲ ಮೇಡಮ್ಮಾರು ಕಾನೂನು ಹೇಳ್ಯಾರ, ನಾ ಲಕೋಟಿ ಬಗ್ಗೆ ಹೇಳ್ತೀನ್ರಿ. ನೀವು ಕೊಟ್ಟ ತಾರೀಖ್ನಾಗ ಎರಡು ಕಡೆ ಕೂಡಿ ಬರವಲ್ದು.

ಮಾರ್ಚ್ 9, 2025 ಐತ್ವಾರ ರೀ. ಐತ್ವಾರ ರಿಜಿಸ್ಟರ್ ಟಪಾಲು ಬಟವಾಡೆಗೆ ಹೋಗೂದು ವಾಡಿಕಿ ಅಲ್ಲ. ಹಂಗಂತ ಅದೊಂದರ ಮ್ಯಾಲೆ ಸುಳ್ಳು ಅನ್ನಾಕ ಬರೂದಿಲ್ಲ, ಕೆಲವು ಟಪಾಲು ಐತ್ವಾರನೂ ಹೋಗ್ತಾವ. ಇನ್ನೊಂದು, ಸೂಚನಾ ಚೀಟಿ ಕೊಟ್ಟ ಮ್ಯಾಲೆ ಆ ಟಪಾಲು ಬಟವಾಡೆ ಕಚೇರಿಯೊಳಗ 7 ದಿನ ಇರಬೇಕು, ಮಂದಿ ಬಂದು ಒಯ್ಯಲಿ ಅಂತ. ಇಲ್ಲಿ 10ಕ್ಕ ಸೂಚನಾ, 13ಕ್ಕ ಚಿತ್ರದುರ್ಗದಾಗ ವಕೀಲರ ಕೈಯಾಗ. ಅಂದ್ರ 7 ದಿನ ಇಟ್ಟೇ ಇಲ್ಲ.

ಲಕೋಟಿ ಕೋರ್ಟ್ ಕಡತದಾಗ ಇರ್ತೈತಿ. ಅದರ ಎರಡೂ ಬದಿಯ ದೃಢೀಕೃತ ನಕಲು ತಗೀರಿ. ಒಂದೊಂದು ಷರಾದ ಕೆಳಗ ಬ್ಯಾರೆ ಬ್ಯಾರೆ ಸಣ್ಣ ಸಹಿ ಐತೋ, ಇಲ್ಲಾ ನಾಕೂ ಒಂದೇ ಪೆನ್ನಿನಾಗ ಒಂದೇ ಕೂಡಿಕಿಗೆ ಬರದಾರೋ ನೋಡ್ರಿ. ಹಿಂದಿನ ಬದಿ ತಾರೀಖಿನ ಮುದ್ರಿ ಇದ್ರ ಅದನ್ನೂ ಓದ್ರಿ. ಆಮ್ಯಾಲೆ ಬಟವಾಡೆ ಕಚೇರಿಯ ಪೋಸ್ಟ್‌ಮಾಸ್ಟರ್ ಕಡೆ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ. ಆ ಟಪಾಲಿನ 13 ಅಕ್ಷರದ ನಂಬರ್ ಕೊಟ್ಟು, 7ರಿಂದ 13ರ ತನಕ ಅದನ್ನ ಯಾವ ಬೀಟಿಗೆ ಕೊಟ್ಟಿದ್ರು, ದಿನಾ ಸಂಜಿಗೆ ಏನಂತ ವಾಪಸ್ ಬರಸ್ಯಾರ ಅಂತ ಕೇಳ್ರಿ. ತಡಾ ಮಾಡಬ್ಯಾಡ್ರಿ, ಹಳೇ ದಾಖಲಿ ಅವಧಿ ಮುಗಿದ ಮ್ಯಾಲೆ ನಾಶ ಮಾಡ್ತಾರ.

ಬೆಣ್ಣೆನಗರಿ

ತುಂಬಾ ಉಪಕಾರವಾಯ್ತು ಸರ್. ಒಂದು ಹೇಳುವುದು ಮರೆತಿದ್ದೆ. ಆ ದಾವಣಗೆರೆ ಮನೆಯಲ್ಲಿ ಜನವರಿಯಿಂದಲೇ ಬೇರೆ ಸಂಸಾರ ಬಾಡಿಗೆಗಿದೆ. ಮನೆಯಲ್ಲಿ ಅಜ್ಜಿ ಯಾವಾಗಲೂ ಇರುತ್ತಾರಂತೆ.

ಹೊಳೆಬದಿ ವಕೀಲೆ

ನಿಮ್ಮ ಕೇಸಿನ ಒಳ್ಳೆಯ ಸಾಕ್ಷ್ಯವನ್ನೇ ಮರೆತಿದ್ದಿರಿ! ವಾಸವಿರುವ ಮನೆಗೆ ಪೋಸ್ಟ್‌ಮ್ಯಾನ್ ಹೋಗಿದ್ದರೆ ಬರೆಯಬೇಕಾಗಿದ್ದ ಷರಾ ‘ಮನೆ ಬಿಟ್ಟಿದ್ದಾರೆ’ ಎಂದು. ಮೂರು ದಿನವೂ ಬಾಗಿಲು ಹಾಕಿತ್ತು ಎಂಬುದು ಒಪ್ಪುವ ಮಾತಲ್ಲ. ಹೊಸ ಬಾಡಿಗೆದಾರರ ಕರಾರು, ಮನೆ ಮಾಲೀಕರ ಸಾಕ್ಷ್ಯ ಎರಡೂ ಸೇರಿದರೆ ಷರಾದ ಕಥೆ ಸಡಿಲವಾಗುತ್ತದೆ. ಹಳೇ ತಪಾಲು ಸರ್ ಹೇಳಿದ ಭಾನುವಾರ, 7 ದಿನ ಎರಡಕ್ಕೂ ಆಗ ತೂಕ ಬರುತ್ತದೆ. ಬಿಡಿಯಾಗಿ ಅವು ಬರೀ ಅನುಮಾನ. ನಿಮ್ಮ ಕಡೆಯಿಂದ ಸಂಶಯಾತೀತ ರುಜುವಾತು ಬೇಕಿಲ್ಲ. ನೀವು ಹೇಳುವುದೇ ಹೆಚ್ಚು ಸಂಭವನೀಯ ಎಂದು ಕೋರ್ಟಿಗೆ ಅನ್ನಿಸಿದರೆ ಸಾಕು.

ಕೆರೆಕೋಡಿ

ನಮ್ಮ ತಂದೆಯವರದ್ದೂ ಇದೇ ಸಮಸ್ಯೆ. ಅಣ್ಣತಮ್ಮಂದಿರ ಪಾಲಿನ ದಾವೆ. ಸ್ವೀಕೃತಿ ಕಾರ್ಡಿನಲ್ಲಿ ತಂದೆಯವರ ಸಹಿ ಎಂದು ಇಂಗ್ಲಿಷಿನಲ್ಲಿ ಯಾರೋ ಗೀಚಿದ್ದಾರೆ. ತಂದೆಯವರು ಕನ್ನಡದಲ್ಲಿ ಮಾತ್ರ ಸಹಿ ಮಾಡುವುದು. ಏಕಪಕ್ಷೀಯ ಡಿಕ್ರಿ ಆಗಿಹೋಗಿದೆ. ನಾವೂ 15 ದಿನದಲ್ಲಿ ಹಣ ಕಟ್ಟಬೇಕೇ?

ಹೊಳೆಬದಿ ವಕೀಲೆ

ಇಲ್ಲ, ನಿಮ್ಮದು ಬೇರೆಯೇ ದಾರಿ. ಅದು ಕೋರ್ಟಿನ ಸಮನ್ಸ್, ಹಣ ಕಟ್ಟುವ ಪ್ರಶ್ನೆಯೇ ಇಲ್ಲ. ಡಿಕ್ರಿ ಕೊಟ್ಟ ಕೋರ್ಟಿಗೇ 9ನೇ ಆದೇಶ 13ನೇ ನಿಯಮದ ಅರ್ಜಿ ಹಾಕಬೇಕು. ಸಮನ್ಸ್ ಸರಿಯಾಗಿ ಜಾರಿಯಾಗಿಲ್ಲ ಎಂದಾದರೆ 30 ದಿನದ ಲೆಕ್ಕ ಡಿಕ್ರಿ ಗೊತ್ತಾದ ದಿನದಿಂದ. ಗೊತ್ತಾಗಿದ್ದು ಯಾವಾಗ, ಹೇಗೆ ಎಂದು ಅಫಿಡವಿಟ್‌ನಲ್ಲಿ ದಿನಾಂಕ ಸಮೇತ ಹೇಳಿ. ಸಹಿಗೆ, ಅದೇ ಕಾಲದ ನಿರ್ವಿವಾದ ಸಹಿಗಳಿರುವ ಕಾಗದ ಹುಡುಕಿ: ಬ್ಯಾಂಕಿನ ಮಾದರಿ ಸಹಿ, ನೋಂದಾಯಿತ ಪತ್ರ. ಈಗ ಹೊಸದಾಗಿ ಮಾಡಿದ ಸಹಿಗೆ ಬೆಲೆ ಕಡಿಮೆ. ಕಾರ್ಡಿಗೆ ಮನೆಯ ಬೇರೆ ಯಾರಾದರೂ ಸಹಿ ಹಾಕಿದ್ದಾರೆಯೇ ಎಂದು ಮೊದಲು ಮನೆಯಲ್ಲೇ ವಿಚಾರಿಸಿ. ಮೊಮ್ಮಗ ಸಹಿ ಮಾಡಿದ್ದಾನೆ ಎಂದು ಪಾಟೀ ಸವಾಲಿನಲ್ಲಿ ಹೊರಬಿದ್ದರೆ ಸುಳ್ಳು ಸಹಿ ಎಂಬ ಆರೋಪ ನಿಮ್ಮ ಮೇಲೇ ತಿರುಗುತ್ತದೆ.

ಕಲಂ ಹುಡುಕಾಟ

ಹೊಳೆಬದಿ ಮೇಡಂ, ಒಂದು ವಿಷಯದಲ್ಲಿ ನನ್ನ ಭಿನ್ನಾಭಿಪ್ರಾಯವಿದೆ. 15 ದಿನದಲ್ಲಿ ಕಟ್ಟದಿದ್ದರೆ ಬಾಗಿಲೇ ಮುಚ್ಚಿತು ಎಂಬ ಅರ್ಥ ಬರುವಂತೆ ಬರೆದಿದ್ದೀರಿ. ಅಲವಿ ಹಾಜಿಯ ಆ ಸಾಲು ಪೂರ್ವಾನುಮಾನ ಹುಟ್ಟಿದವರ ಬಗ್ಗೆ. ವಿಳಾಸವೇ ತಪ್ಪಾದರೆ 27ನೇ ಕಲಮೇ ಅನ್ವಯಿಸುವುದಿಲ್ಲ, ಆಗ ಹಣ ಕಟ್ಟದವನೂ ನೋಟಿಸ್ ಇಲ್ಲ ಎಂದು ವಾದಿಸಬಹುದು. ಪೂರ್ವಾನುಮಾನವನ್ನು ಬಾಯಿಮಾತಿನ ನಿರಾಕರಣೆಯಿಂದ ಒಡೆಯಲೇ ಆಗದು ಎಂಬುದೂ ಸರಿಯಲ್ಲ. 1990ರ ಅನಿಲ್ ಕುಮಾರ್ ಪ್ರಕರಣದಲ್ಲಿ, ಬಾಡಿಗೆದಾರನ ಪ್ರಮಾಣದ ಮಾತು ಪ್ರಶ್ನೆಗೊಳಗಾಗದೆ ಉಳಿದರೆ ಕೆಲವು ಸಂದರ್ಭಗಳಲ್ಲಿ ಅಷ್ಟೇ ಸಾಕಾಗಬಹುದು ಎಂದು ಸುಪ್ರೀಂ ಕೋರ್ಟೇ ಹೇಳಿದೆ.

ಹೊಳೆಬದಿ ವಕೀಲೆ

ಅನಿಲ್ ಕುಮಾರ್ ಬಗ್ಗೆ ನೀವು ಹೇಳಿದ್ದು ನಿಜ. ಆದರೆ ಅದೇ ತೀರ್ಪು, ಆ ಮಾತೇ ನಂಬಲರ್ಹವಲ್ಲದಿದ್ದರೆ ಬೇರೆ ಎನ್ನುತ್ತದೆ, ಆಯಾ ಪ್ರಕರಣದ ಸಂಗತಿಗೆ ಬಿಡುತ್ತದೆ. ನಿಮ್ಮ ಮಾತನ್ನು ಎದುರಾಳಿ ಪಾಟೀ ಸವಾಲು ಮಾಡದೆ ಬಿಡುತ್ತಾರೆ ಎಂದು ನಂಬಿಕೊಂಡು ಯಾರೂ ಸಾಕ್ಷಿಕಟ್ಟೆ ಹತ್ತಬಾರದು. ತಪ್ಪು ವಿಳಾಸದ ಬಗ್ಗೆ ನಿಮ್ಮ ಓದು ನನಗೂ ಒಪ್ಪಿಗೆ, ವಾದ ಉಳಿಯುತ್ತದೆ. ಆದರೆ ಕೆಳ ಕೋರ್ಟುಗಳು ಅಲವಿ ಹಾಜಿಯನ್ನು ಬಿಗಿಯಾಗಿ ಓದುವುದೂ ಇದೆ. ಹಣ ಇರುವವರು, ಸಾಲ ಒಪ್ಪುವವರು, ಆ ಅಪಾಯ ಏಕೆ ತೆಗೆದುಕೊಳ್ಳಬೇಕು?

ಕಲಂ ಹುಡುಕಾಟ

ಸಾಲ ಒಪ್ಪುವವರಿಗೆ ಕಟ್ಟುವುದೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳಿದ್ದು ಕಟ್ಟಲಾಗದವರಿಗೆ.

ಬೆಣ್ಣೆನಗರಿಯವರೇ, ಒಂದು ಚಿಕ್ಕ ಗಮನ. ನೋಟಿಸ್ ಹೋಗಿದ್ದು ದಾವಣಗೆರೆಗೆ. ಆದರೆ ಸಮನ್ಸ್ ನೇರ ಹುಬ್ಬಳ್ಳಿ ಮನೆಗೇ ಬಂದಿದೆ ಎಂದಿರಿ. ಅಂದರೆ ಏಪ್ರಿಲ್ 16ರ ದೂರಿನಲ್ಲಿ ಹುಬ್ಬಳ್ಳಿ ವಿಳಾಸ ಇರಬೇಕಲ್ಲ? ದೂರಿನ ಮೊದಲ ಪುಟ ತೆಗೆದು ನೋಡಿ.

ಬೆಣ್ಣೆನಗರಿ · 29 ಜೂನ್

ಹೌದು ಸರ್! ದೂರಿನಲ್ಲಿ ಹುಬ್ಬಳ್ಳಿ ವಿಳಾಸವೇ ಇದೆ, ಪಿನ್‌ಕೋಡ್ ಸಮೇತ. ಅದರ ಕೆಳಗೆ ‘ಮೊದಲಿನ ವಾಸ ದಾವಣಗೆರೆ’ ಎಂದೂ ಬರೆದಿದ್ದಾರೆ. ಇನ್ನೊಂದು ಸಿಕ್ಕಿತು: ಡಿಸೆಂಬರ್ 2024ರಲ್ಲಿ ಅವರೇ ಲೆಕ್ಕದ ಕಾಗದಗಳನ್ನು ಹುಬ್ಬಳ್ಳಿ ಮನೆಗೆ ಕೊರಿಯರ್ ಮಾಡಿದ್ದಾರೆ. ಕವರ್ ಅಕ್ಕ ಎತ್ತಿಟ್ಟಿದ್ದಾಳೆ. ಭಾವ ವಾಟ್ಸಾಪ್‌ನಲ್ಲಿ ಮನೆಯ ಲೊಕೇಶನ್ ಕಳಿಸಿದ್ದೂ ಇದೆ.

ಹೊಳೆಬದಿ ವಕೀಲೆ

ಕಲಂ ಹುಡುಕಾಟ ಸರ್, ಒಳ್ಳೆಯ ಕಣ್ಣು ನಿಮ್ಮದು.

ಇದು ವಿಚಾರಣೆಗೆ ಹೋದರೆ ದೂರುದಾರರಿಗೆ ಕೇಳುವ ಪ್ರಶ್ನೆಗಳ ಕ್ರಮ ಮುಖ್ಯ. ಮೊದಲು ದೂರಿನ ವಿಳಾಸ ತೋರಿಸಿ, ‘ಇದು ನೀವೇ ವಕೀಲರಿಗೆ ಕೊಟ್ಟದ್ದೇ?’ ಎಂದು ಕೇಳಿ ಒಪ್ಪಿಸಿಕೊಳ್ಳಬೇಕು. ಆಮೇಲೆ ಇದು ಯಾವಾಗ ಗೊತ್ತಾಯಿತು ಎಂದು ಕೇಳಬೇಕು. ಬಹುಶಃ ನೋಟಿಸ್ ವಾಪಸ್ ಬಂದ ಮೇಲೆ ವಿಚಾರಿಸಿ ತಿಳಿಯಿತು ಎನ್ನುತ್ತಾರೆ. ಆ ಉತ್ತರ ದಾಖಲಾದ ಮೇಲೆಯೇ ಡಿಸೆಂಬರ್‌ನ ಕೊರಿಯರ್ ಕವರ್ ತೋರಿಸುವುದು. ಮೊದಲೇ ಕವರ್ ಹೊರತೆಗೆದರೆ ಅವರು ಉತ್ತರ ಹೊಂದಿಸಿಕೊಳ್ಳುತ್ತಾರೆ. ಲೊಕೇಶನ್ ಮೆಸೇಜಿಗೆ ಬರೀ ಸ್ಕ್ರೀನ್‌ಶಾಟ್ ಸಾಲದು, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಮೂಲ ಫೋನನ್ನು ಮಾರುವುದು, ಚಾಟ್ ಅಳಿಸುವುದು ಬೇಡ.

ಮನೆ ಬಿಟ್ಟಿದ್ದಕ್ಕೆ ದಿನಾಂಕ ಇರುವ, ಮೂರನೆಯವರು ಕೊಟ್ಟ ಕಾಗದ ಬೇಕು: ಹುಬ್ಬಳ್ಳಿಯ ಬಾಡಿಗೆ ಕರಾರು, ಆಧಾರ್ ವಿಳಾಸ ಬದಲಾದ ದಿನಾಂಕ, ಹಳೇ ಮಾಲೀಕರು ಮುಂಗಡ ಹಣ ವಾಪಸ್ ಕೊಟ್ಟ ಬ್ಯಾಂಕ್ ವಿವರ. ಈ ಕೊನೆಯದಕ್ಕೆ ಬೆಲೆ ಹೆಚ್ಚು, ಅದನ್ನು ಆಮೇಲೆ ಸೃಷ್ಟಿಸಲಾಗದು.

ಗುಂಡುಸೂಜಿ

ನಾನು ಬರೆದಿದ್ದರಲ್ಲಿ ತಪ್ಪಿತ್ತು, ಒಪ್ಪುತ್ತೇನೆ. ಆದರೆ ಇದಕ್ಕೆ ಉತ್ತರ ಕೊಡಿ. ಲಕೋಟೆ ತಲುಪಿದೆ, ಸಹಿಯೂ ಆಗಿದೆ, ಒಳಗೆ ಇದ್ದದ್ದು ಖಾಲಿ ಹಾಳೆ. ಆಗ?

ಹಳೇ ತಪಾಲು

ಕೌಂಟರ್ ರಶೀದಿಯಾಗ ತೂಕ ಅಚ್ಚಾಗಿರ್ತೈತಿ, ಗ್ರಾಂ ಲೆಕ್ಕದಾಗ. ಸಾದಾ ಎ4 ಹಾಳಿ ಒಂದಕ್ಕ ಸುಮಾರು 5 ಗ್ರಾಂ. ನೋಟಿಸ್ 6 ಪುಟದ್ದು ಅಂದ್ರ ಹಾಳಿನ 30 ಗ್ರಾಂ ಆತು, ಮ್ಯಾಲೆ ಲಕೋಟಿ. ರಶೀದಿಯಾಗ 12 ಗ್ರಾಂ ಅಂತ ಇದ್ರ ಆರು ಹಾಳಿ ಅದರಾಗ ಇರಾಕ ಸಾಧ್ಯ ಇಲ್ರಿ. ಒಂದೇ ಪುಟದ ನೋಟಿಸ್ ಆದ್ರ ಈ ಲೆಕ್ಕಾ ಏನೂ ಹೇಳೂದಿಲ್ಲ, ಖಾಲಿ ಹಾಳಿನೂ ಅಷ್ಟ ತೂಗ್ತೈತಿ.

ಹೊಳೆಬದಿ ವಕೀಲೆ

ಅದಕ್ಕೆ ಸೇರಿಸುವುದು ಒಂದೇ. ಖಾಲಿ ಹಾಳೆ ಬಂದಿದ್ದರೆ ಅಂದೇ ಕಳಿಸಿದವರಿಗೆ ಬರೆದು ತಿಳಿಸಬೇಕು. ವರ್ಷದ ಮೇಲೆ ಸಾಕ್ಷಿಕಟ್ಟೆಯಲ್ಲಿ ಮೊದಲ ಸಲ ಹೇಳಿದರೆ ನಂಬುವವರು ಕಡಿಮೆ.

ಬೆಣ್ಣೆನಗರಿ · 7 ಜುಲೈ

ಜುಲೈ 3ರಂದು 3,40,000 ಪೂರ್ತಿ ಅವರ ಖಾತೆಗೆ ಆರ್‌ಟಿಜಿಎಸ್ ಮಾಡಿದೆವು. ಬ್ಯಾಂಕಿನ ವಿವರ ಲಗತ್ತಿಸಿ, ದೂರು ತಳ್ಳಿಹಾಕಲು ಕೋರಿ 4ಕ್ಕೆ ಅರ್ಜಿ ಹಾಕಿದ್ದೇವೆ. ಬಡ್ಡಿ, ಖರ್ಚು ಬಂದಿಲ್ಲ ಎಂದು ಅವರ ವಕೀಲರು ತಕರಾರು ಎತ್ತಿದ್ದಾರೆ. ವಾದಕ್ಕೆ ಮುಂದಿನ ತಿಂಗಳು ದಿನಾಂಕ ಕೊಟ್ಟಿದ್ದಾರೆ.

ಹೊಳೆಬದಿ ವಕೀಲೆ

ತೀರ್ಪಿನಲ್ಲಿ ಇರುವ ಮಾತು ಚೆಕ್ಕಿನ ಮೊತ್ತ. ಆ ಪ್ಯಾರಾವನ್ನೇ ಓದಿ ತೋರಿಸಿ. ವಿಳಾಸದ ಕಾಗದಗಳನ್ನು ಮಾತ್ರ ಎಸೆಯಬೇಡಿ, ಅರ್ಜಿ ವಜಾ ಆದರೆ ಮತ್ತೆ ಬೇಕಾಗುತ್ತವೆ.

ಕೆರೆಕೋಡಿ · 18 ನವೆಂಬರ್ 2025

ಹಳೇ ಚರ್ಚೆ ಎಬ್ಬಿಸಿದ್ದಕ್ಕೆ ಕ್ಷಮಿಸಿ. ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ವಿಲೀನ ಮಾಡಿದೆಯಲ್ಲ. ಇನ್ನು ಮುಂದೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ ನೋಟಿಸ್‌ಗೂ ಈ ಪೂರ್ವಾನುಮಾನ ಸಿಗುತ್ತದೆಯೇ?

ಹಳೇ ತಪಾಲು

ಸ್ಪೀಡ್ ಪೋಸ್ಟ್ ಮಾಡುವಾಗ ‘ನೋಂದಣಿ’ ಅಂತ ಬ್ಯಾರೆ ಕೇಳಿ ಮಾಡಸ್ರಿ. ಅದಕ್ಕ 5 ರೂಪಾಯಿ, ಮ್ಯಾಲೆ ಜಿಎಸ್‌ಟಿ. ಹಂಗ ಮಾಡಿದ್ರ ವಿಳಾಸದಾರರಿಗೆ ಇಲ್ಲಾ ಅವರು ಒಪ್ಪಿಗಿ ಕೊಟ್ಟವರಿಗೆ ಮಾತ್ರ ಬಟವಾಡೆ. ರಶೀದಿಯಾಗ ಅದು ಬಂದೈತೋ ಇಲ್ಲೋ ಕೌಂಟರ್‌ನ್ಯಾಗ ನೋಡೇ ಹೊಂಡ್ರಿ.

ಕಲಂ ಹುಡುಕಾಟ

27ನೇ ಕಲಮಿನಲ್ಲಿ ಇರುವ ಪದ ‘ರಿಜಿಸ್ಟರ್ಡ್ ಪೋಸ್ಟ್’. ನೋಂದಣಿ ಮಾಡಿಸಿದ ಸ್ಪೀಡ್ ಪೋಸ್ಟ್ ಅದರೊಳಗೆ ಬರುತ್ತದೆ ಎಂದು ವಾದಿಸುವುದು ಸುಲಭ. ನೋಂದಣಿ ಇಲ್ಲದ ಬರೀ ಸ್ಪೀಡ್ ಪೋಸ್ಟ್‌ಗೆ ಅಷ್ಟು ಧೈರ್ಯ ಸಾಲದು. ಅಲ್ಲಿ ವ್ಯವಹಾರದ ಸಾಮಾನ್ಯ ಕ್ರಮ ನಡೆದಿದೆ ಎಂದು ಕೋರ್ಟು ಭಾವಿಸಬಹುದು ಎನ್ನುವ ಸಾಕ್ಷ್ಯ ಅಧಿನಿಯಮದ 119ನೇ ಕಲಂ ಹಿಡಿಯಬೇಕು. ಅದು ‘ಭಾವಿಸಬಹುದು’, ‘ಭಾವಿಸತಕ್ಕದ್ದು’ ಅಲ್ಲ. ಮೇಡಂ ಏನನ್ನುತ್ತಾರೋ?

ಹೊಳೆಬದಿ ವಕೀಲೆ

ನಾನು ಅಷ್ಟು ದೂರ ಹೋಗುವುದಿಲ್ಲ. ಸ್ಪೀಡ್ ಪೋಸ್ಟ್‌ನಲ್ಲೂ ಸಂಖ್ಯೆ, ರಶೀದಿ, ಬಟವಾಡೆಯ ದಾಖಲೆ ಎಲ್ಲ ಇದೆ, ಕೋರ್ಟು ವ್ಯತ್ಯಾಸ ಮಾಡಲಿಕ್ಕಿಲ್ಲ ಎಂದೇ ನನ್ನ ಅನಿಸಿಕೆ. ಆದರೂ ನಮ್ಮ ಕಚೇರಿಯಿಂದ ಹೋಗುವ ಪ್ರತಿ ನೋಟಿಸ್‌ಗೂ ಆ 5 ರೂಪಾಯಿ ಕಟ್ಟಿಸುತ್ತಿದ್ದೇನೆ.